60 ಬಂದ ಸಾಲು ಬಿಟ್ಟು 120ರ ಹಿಂದೆ ಹೋಗಬೇಕಾ? ಬ್ಲಿಸ್ಟರ್ ಲೈನಿನ ಎಫ್‌ಎಂಇಎ ಬಗ್ಗೆ

ಶಾಮನೂರು ರೋಡ್

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹೊರಗಡೆ ಒಂದು ಚಿಕ್ಕ ಮಾತ್ರೆ ಕಂಪನಿಯಲ್ಲಿ ಕ್ಯೂಎ ಕೆಲಸ ನನ್ನದು. ನಮ್ಮಲ್ಲಿ ಮಾತ್ರೆಯನ್ನು ಸ್ಟ್ರಿಪ್‌ಗೆ ತುಂಬಿ ಸೀಲ್ ಮಾಡುವ ಬ್ಲಿಸ್ಟರ್ ಲೈನ್ ಇರೋದು ಒಂದೇ. ಎಲ್ಲ ಪ್ರಾಡಕ್ಟೂ ಅದರಲ್ಲೇ ಓಡಬೇಕು. ಆಡಿಟ್ ಹತ್ತಿರ ಬಂತು ಅಂತ ಪ್ಯಾಕಿಂಗ್, ಎಂಜಿನಿಯರಿಂಗ್, ಕ್ಯೂಎ ಮೂರೂ ಕೂತು ಆ ಲೈನಿಗೆ ಎಫ್‌ಎಂಇಎ ಮಾಡಿದೆವು, ಅಂದರೆ ಎಲ್ಲೆಲ್ಲಿ ಏನು ತಪ್ಪಾಗಬಹುದು ಅಂತ ಪಟ್ಟಿ ಮಾಡಿದೆವು. ಪ್ರತಿ ತಪ್ಪಿನ ತೀವ್ರತೆ, ಆಗುವ ಸಂಭವ, ಸಿಕ್ಕಿಬೀಳುವ ಸಾಧ್ಯತೆ ಮೂರಕ್ಕೂ 1ರಿಂದ 10ರ ಅಂಕ ಕೊಟ್ಟು ಗುಣಿಸಿದರೆ ಬರುವುದೇ ಆರ್‌ಪಿಎನ್. ಆರ್‌ಪಿಎನ್ 100 ದಾಟಿದರೆ ಮಾತ್ರ ಕ್ರಮ, ಒಳಗಿದ್ದರೆ ಓಕೆ ಅಂತ ನಮ್ಮ ಎಸ್‌ಒಪಿ ಹೇಳುತ್ತದೆ.

ಈಗ ಎರಡು ಸಾಲು ನೋಡಿ. ಸ್ಟ್ರಿಪ್ ಮೇಲೆ ಬ್ಯಾಚ್ ನಂಬರ್ ಮಸುಕಾಗುವುದು: ಸಿವಿಯಾರಿಟಿ 5, ಅಕರೆನ್ಸ್ 6, ಡಿಟೆಕ್ಷನ್ 4. ಗುಣಿಸಿದರೆ 120. ಹಿಂದಿನ ಪ್ರಾಡಕ್ಟಿನ ಮಾತ್ರೆ ಈಗಿನ ಸ್ಟ್ರಿಪ್‌ಗೆ ಸೇರಿಕೊಳ್ಳುವುದು: 10, 2, 3. ಗುಣಿಸಿದರೆ 60.

ಅಂದರೆ ಮಸುಕು ಅಚ್ಚಿಗೆ ಹೊಸ ಪ್ರಿಂಟರ್ ಬರುತ್ತದೆ, ಬೇರೆ ಮಾತ್ರೆ ಸೇರುವ ಸಾಲಿಗೆ ಏನೂ ಇಲ್ಲ. ಮ್ಯಾನೇಜರ್ ಫೈಲ್ ಮುಚ್ಚಿ ಅಂತಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ. ಲೆಕ್ಕ ಸರಿ ಇದೆ, ಆದರೂ ಎಲ್ಲೋ ತಪ್ಪಿದೆ ಅನ್ನಿಸುತ್ತದೆ. ಎಲ್ಲಿ?

ಬಿ.ಫಾರ್ಮ ಕೊನೇ ವರ್ಷ

ಅಕ್ಕ, ಡಿಟೆಕ್ಷನ್ 3 ಅಂದರೆ ಹತ್ತರಲ್ಲಿ ಮೂರೇ ಅಲ್ವಾ? ಕಂಡುಹಿಡಿಯುವ ಶಕ್ತಿ ಅಷ್ಟು ಕಡಿಮೆ ಇದ್ದಮೇಲೆ ಅದನ್ನು ಹೆಚ್ಚು ಮಾಡಿ 8 ತನಕ ಒಯ್ಯಬೇಕು. ಆಗ ಸುರಕ್ಷಿತ.

ಹರಿಹರ ಹೊಳೆದಂಡೆ

ತಮ್ಮಾ, ಡಿಟೆಕ್ಷನ್ ಅಳತೆ ಉಲ್ಟಾ. ಖಂಡಿತ ಸಿಕ್ಕಿಬೀಳುತ್ತದೆ ಅಂದರೆ 1, ಸಿಗೋದೇ ಇಲ್ಲ ಅಂದರೆ 10. ಪರೀಕ್ಷೆ ಮಾರ್ಕ್ಸ್ ಥರ ಓದಬೇಡ.

ಇನ್ನು ಮೇಡಂ ಪ್ರಶ್ನೆಗೆ. ನಾನು ವಾಹನದ ಬಿಡಿಭಾಗ ಮಾಡುವ ಕಡೆ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆರ್‌ಪಿಎನ್ ಕಥೆ ಮುಗಿಯಿತು. 2019ರಲ್ಲಿ ವಾಹನ ಉದ್ಯಮದ ಸಂಘಗಳಾದ ಅಮೆರಿಕದ ಎಐಎಜಿ ಮತ್ತು ಜರ್ಮನಿಯ ವಿಡಿಎ ಸೇರಿ ಹೊಸ ಕೈಪಿಡಿ ತಂದರು. ಅದರಲ್ಲಿ ಗುಣಾಕಾರವೇ ಇಲ್ಲ. ಮೂರು ಅಂಕ ಹಿಡಿದು ಕೋಷ್ಟಕ ನೋಡಿದರೆ ಹೈ, ಮೀಡಿಯಂ, ಲೋ ಅಂತ ಬರುತ್ತದೆ. ಸಿವಿಯಾರಿಟಿಗೇ ಅಲ್ಲಿ ಮೊದಲ ಮಣೆ. ನೀವೂ ಅದಕ್ಕೆ ಬದಲಾಯಿಸಿ, ಈ 100ರ ಗಡಿ ತಲೆನೋವೇ ಇರುವುದಿಲ್ಲ. ಜೊತೆಗೆ ಒಂದು ಒಳ್ಳೆ ಕ್ಯಾಮೆರಾ ಹಾಕಿಸಿ. ಸಿವಿಯಾರಿಟಿ 10ರಿಂದ 6ಕ್ಕೆ ಇಳಿಯುತ್ತದೆ.

ದುರ್ಗದ ಮೆಡಿಕಲ್ ಸ್ಟೋರ್

ನಿಮ್ಮ ಪಾಯಿಂಟು ಪರ್ಸೆಂಟು ನನಗೆ ಗೊತ್ತಾಗಲ್ಲ. ಚಿತ್ರದುರ್ಗದಲ್ಲಿ ಅಂಗಡಿ ಇಟ್ಟಿದ್ದೀನಿ. ಹೋದ ವಾರ ಗಿರಾಕಿ ಒಬ್ಬರು ಸ್ಟ್ರಿಪ್ ವಾಪಸ್ ತಂದರು. ಸೀಲ್ ಗಟ್ಟಿ ಇದೆ, ಒಂದು ಗುಳಿ ಮಾತ್ರ ಖಾಲಿ. ಹತ್ತು ಮಾತ್ರೆಗೆ ದುಡ್ಡು ತಗೊಂಡು ಒಂಬತ್ತು ಕೊಡ್ತೀಯಾ ಅಂತ ನನ್ನನ್ನೇ ಕೇಳ್ತಾರೆ. ಬೇರೆ ಕಂಪನಿ ಮಾಲು, ನಿಮ್ಮದಲ್ಲ. ಇದಕ್ಕೆ ಯಾರನ್ನು ಹಿಡಿಯಬೇಕು ಹೇಳ್ರಿ.

ಹಳೇ ಪ್ಯಾಕಿಂಗ್ ಕೈ

ಅಂಗಡಿಯವರೇ, ಆ ಸ್ಟ್ರಿಪ್ ಬಿಸಾಡಬೇಡಿ. ಬ್ಯಾಚ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು, ಸ್ಟಾಕಿಸ್ಟ್ ಮೂಲಕ ಕಂಪನಿಗೆ ಲಿಖಿತ ದೂರು ಕೊಡಿ. ಕಂಪನಿ ಅದನ್ನು ದಾಖಲಿಸಿ ತನಿಖೆ ಮಾಡಲೇಬೇಕು. ನಿಮ್ಮ ಖಾಲಿ ಗುಳಿಗೂ ಈ ಚರ್ಚೆಗೂ ಸಂಬಂಧ ಇದೆ, ಆಮೇಲೆ ಬರುತ್ತೇನೆ.

ಶಾಮನೂರು ರೋಡ್ ಅವರೇ, ಗಡಿ 100 ಇರಲಿ 80 ಇರಲಿ, ಅದು ಆಮೇಲಿನ ಮಾತು. ಮೊದಲು ಆ 3 ಎಲ್ಲಿಂದ ಬಂತು ಹೇಳಿ. ಸೇರಿಕೊಂಡ ಮಾತ್ರೆಯನ್ನು ಹಿಡಿಯುವುದು ಯಾವುದು ಅಂತ ನಿಮ್ಮ ಶೀಟಿನಲ್ಲಿ ಬರೆದಿದ್ದೀರಿ?

ಶಾಮನೂರು ರೋಡ್

ಸರ್, ಮೂರು ಬರೆದಿದ್ದೇವೆ. ಲೈನ್ ಕ್ಲಿಯರೆನ್ಸ್ ಚೆಕ್‌ಲಿಸ್ಟ್. ಸೀಲಿಂಗ್‌ಗೆ ಮುಂಚೆ ಇರುವ ಎನ್‌ಎಫ್‌ಡಿ ಕ್ಯಾಮೆರಾ. ಅರ್ಧ ಗಂಟೆಗೊಮ್ಮೆ 20 ಸ್ಟ್ರಿಪ್ ತೆಗೆದು ಕಣ್ಣಲ್ಲಿ ನೋಡುವುದು. ಮೂರು ಹಂತ ಇದೆ ಅಂತ 3 ಕೊಟ್ಟೆವು.

ನಮಗೆ ಭಯ ಇರೋದು ಒಂದು ಜೋಡಿ ಬಗ್ಗೆ. ಬಿಪಿ ಮಾತ್ರೆ ಒಂದು, ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಒಂದು. ಎರಡೂ ಬಿಳಿ, ಎರಡೂ ದುಂಡು, ಎರಡೂ 8 ಎಂಎಂ. ಒಂದರ ಹಿಂದೆ ಒಂದು ಓಡುತ್ತವೆ, ಯಾಕಂದರೆ ಫಾರ್ಮಿಂಗ್ ಪ್ಲೇಟ್ ಬದಲಾಯಿಸುವ ಕೆಲಸ ಉಳಿಯುತ್ತದೆ.

ಹಳೇ ಪ್ಯಾಕಿಂಗ್ ಕೈ

ಇಲ್ಲೇ ಇದೆ ನೋಡಿ. ಒಂದೊಂದಾಗಿ ತೆಗೆದುಕೊಳ್ಳೋಣ.

ಲೈನ್ ಕ್ಲಿಯರೆನ್ಸ್ ನಡೆಯುವುದು ಬ್ಯಾಚ್ ಶುರು ಆಗುವ ಮುಂಚೆ. ಅದು ಹಳೇ ಮಾತ್ರೆಯನ್ನು ತೆಗೆದುಹಾಕುತ್ತದೆ, ಅಂದರೆ ಸೇರುವ ಸಂಭವವನ್ನೇ ಕಡಿಮೆ ಮಾಡುತ್ತದೆ. ಅದರ ಫಲ ನಿಮ್ಮ ಅಕರೆನ್ಸ್ 2ರಲ್ಲಿ ಆಗಲೇ ಬಂದಿದೆ. ಅದನ್ನೇ ಮತ್ತೆ ಡಿಟೆಕ್ಷನ್‌ನಲ್ಲೂ ಹಿಡಿದರೆ ಒಂದೇ ಚೆಕ್‌ಲಿಸ್ಟಿಗೆ ಎರಡು ಸಲ ರಿಯಾಯಿತಿ ಕೊಟ್ಟ ಹಾಗೆ. ಡಿಟೆಕ್ಷನ್ ಅಂಕ ಕೊಡುವಾಗ ಕೇಳಬೇಕಾದ್ದು ಇಷ್ಟೇ: ತಪ್ಪು ಮಾತ್ರೆ ಈಗಾಗಲೇ ಗುಳಿಯಲ್ಲಿ ಕೂತಿದೆ, ಇಲ್ಲಿಂದ ಮುಂದೆ ಅದನ್ನು ಯಾರು ಹಿಡಿಯುತ್ತಾರೆ?

ಕ್ಯಾಮೆರಾ ಹಿಡಿಯುತ್ತಾ? ನಿಮ್ಮ ಎನ್‌ಎಫ್‌ಡಿ ನೋಡುವುದು ಗುಳಿ ತುಂಬಿದೆಯಾ ಖಾಲಿಯಾ, ಮಾತ್ರೆ ಮುರಿದಿದೆಯಾ ಅಂತ. ಬಿಳಿ ದುಂಡು 8 ಎಂಎಂ ಜಾಗದಲ್ಲಿ ಇನ್ನೊಂದು ಬಿಳಿ ದುಂಡು 8 ಎಂಎಂ ಕೂತರೆ ಅದಕ್ಕೆ ಸಂತೋಷವೇ. ಕಲರ್ ಕ್ಯಾಮೆರಾ ಹಾಕಿದರೂ ಈ ಜೋಡಿಗೆ ಅದೇ ಗತಿ.

ಕಣ್ಣಲ್ಲಿ ನೋಡುವುದು? ನಿಮ್ಮ ಮಷಿನ್ ನಿಮಿಷಕ್ಕೆ 150 ಸ್ಟ್ರಿಪ್ ಕೊಡುತ್ತದೆ ಅಂದುಕೊಳ್ಳಿ. ಅರ್ಧ ಗಂಟೆಗೆ 4500. ಅದರಲ್ಲಿ ನೀವು ನೋಡುವುದು 20. ಒಂದೇ ಒಂದು ತಪ್ಪು ಸ್ಟ್ರಿಪ್ ಇದ್ದರೆ ಅದು ನಿಮ್ಮ ಕೈಗೆ ಸಿಗುವ ಸಂಭವ 225ರಲ್ಲಿ ಒಂದು. ಸಿಕ್ಕಿದರೂ ಎರಡು ಬಿಳಿ ಮಾತ್ರೆ ವ್ಯತ್ಯಾಸ ಕಣ್ಣಿಗೆ ತಿಳಿಯಬೇಕು. ಬ್ಯಾಚ್ ಕೊನೆಗೆ ಮಾತ್ರೆ ಲೆಕ್ಕ ತಾಳೆ ನೋಡುವ ರಿಕನ್ಸಿಲಿಯೇಷನ್ ಕೂಡ ಹಿಡಿಯಲ್ಲ. ಲಕ್ಷಗಟ್ಟಲೆ ಮಾತ್ರೆಯನ್ನು ತೂಕದ ಮೇಲೆ ಲೆಕ್ಕ ಹಾಕುವಾಗ ಒಂದೆರಡು ಮಾತ್ರೆ ಅದರಲ್ಲಿ ಮುಳುಗಿಹೋಗುತ್ತವೆ.

ಅಲ್ಲಿಗೆ ಡಿಟೆಕ್ಷನ್ 3 ಅಲ್ಲ, 9. ಅಕರೆನ್ಸ್ ಮುಟ್ಟದೇ ಇದ್ದರೂ 10 × 2 × 9 = 180.

ಹರಿಹರದವರೇ, ನೀವು ಹೇಳಿದ ಕೋಷ್ಟಕಕ್ಕೆ 10, 2, 3 ಹಾಕಿ ನೋಡಿ. ಏನು ಬರುತ್ತದೆ?

ಹರಿಹರ ಹೊಳೆದಂಡೆ

ನೋಡಿದೆ ಸರ್. ಲೋ ಬರುತ್ತದೆ. 10, 2, 9 ಹಾಕಿದರೆ ಹೈ. ಒಪ್ಪಿದೆ, ಅಂಕವೇ ತಪ್ಪಿದ್ದರೆ ಕೋಷ್ಟಕ ಬದಲಾಯಿಸಿ ಉಪಯೋಗ ಇಲ್ಲ.

ಆದರೂ ಗುಣಾಕಾರದ ಮೇಲಿನ ನನ್ನ ತಕರಾರು ಹಾಗೇ ಇದೆ. 10 × 2 × 3 ಕೂಡ 60, 3 × 4 × 5 ಕೂಡ 60. ಒಂದರಲ್ಲಿ ರೋಗಿ ಆಸ್ಪತ್ರೆ ಸೇರುತ್ತಾನೆ, ಇನ್ನೊಂದರಲ್ಲಿ ಕಾರ್ಟನ್ ಮೂಲೆ ಮಡಚಿದೆ. 1ರಿಂದ 1000ದವರೆಗೆ ಅಂತ ಹೇಳುತ್ತೇವೆ, ನಿಜಕ್ಕೂ ಬರಬಹುದಾದ ಬೇರೆ ಬೇರೆ ಸಂಖ್ಯೆ 120 ಮಾತ್ರ. ಹೀಗಿದ್ದಾಗ 96 ಓಕೆ, 105 ಓಕೆ ಅಲ್ಲ ಅನ್ನೋದಕ್ಕೆ ಅರ್ಥ ಏನು?

ಹಳೇ ಪ್ಯಾಕಿಂಗ್ ಕೈ

ಆ ತಕರಾರು ನ್ಯಾಯವಾದದ್ದೇ. ಔಷಧದ ಕಡೆ ಅಪಾಯ ನಿರ್ವಹಣೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ9 ಇದೇ ಪದ್ಧತಿ ಬಳಸಿ ಅಂತ ಹಠ ಮಾಡುವುದಿಲ್ಲ. 2023ರ ಪರಿಷ್ಕರಣೆಯಲ್ಲಿ ಅಂಕ ಕೊಡುವವರ ಸ್ವಂತ ಅಭಿಪ್ರಾಯ ನುಸುಳುವ ಬಗ್ಗೆಯೇ ಎಚ್ಚರಿಸಿದ್ದಾರೆ. ಮೇಡಂ, ನೀವು ಆರ್‌ಪಿಎನ್ ಇಟ್ಟುಕೊಳ್ಳಿ, ಎಸ್‌ಒಪಿಗೆ ಒಂದು ಸಾಲು ಸೇರಿಸಿ: ಸಿವಿಯಾರಿಟಿ 9 ಅಥವಾ 10 ಇದ್ದರೆ ಆರ್‌ಪಿಎನ್ ಎಷ್ಟೇ ಬರಲಿ, ತಂಡ ಕೂತು ನೋಡಲೇಬೇಕು.

ಇನ್ನೊಂದು. ಕ್ಯಾಮೆರಾ ಹಾಕಿದರೆ ಸಿವಿಯಾರಿಟಿ ಇಳಿಯುತ್ತದೆ ಅಂದಿರಿ. ಇಳಿಯಲ್ಲ. ಬಿಪಿ ಮಾತ್ರೆ ಅಂತ ವಯಸ್ಸಾದವರೊಬ್ಬರು ಊಟಕ್ಕೆ ಮುಂಚೆ ಗ್ಲಿಮೆಪಿರೈಡ್ ನುಂಗಿದರೆ ರಕ್ತದಲ್ಲಿ ಸಕ್ಕರೆ ಕುಸಿಯುತ್ತದೆ, ನಮ್ಮ ಲೈನಿನಲ್ಲಿ ಎಷ್ಟು ಕ್ಯಾಮೆರಾ ಇದ್ದರೂ. ಕ್ಯಾಮೆರಾ ಇಳಿಸುವುದು ಡಿಟೆಕ್ಷನ್ ಒಂದನ್ನೇ. ಸಿವಿಯಾರಿಟಿ ಇಳಿಯಬೇಕಾದರೆ ಪರಿಣಾಮವೇ ಬೇರೆ ಆಗಬೇಕು. ಕ್ಯಾಪಾ, ಅಂದರೆ ಸರಿಪಡಿಸುವ ಕ್ರಮ ಆದಮೇಲೆ ಮೂರೂ ಕಾಲಮ್ ಇಳಿದ ಶೀಟ್ ಕಂಡರೆ ನಾನು ಮೊದಲು ಬೆರಳಿಡುವುದು ಅಲ್ಲೇ.

ನೈಟ್ ಶಿಫ್ಟ್

ನಮಸ್ಕಾರ ಸರ್. ನಾನು ಬ್ಲಿಸ್ಟರ್ ಮಷಿನ್ ಆಪರೇಟರ್, ಬೇರೆ ಕಂಪನಿ. ನಿಮ್ಮ ಶೀಟಿನ ವಿಷಯ ಜಾಸ್ತಿ ಗೊತ್ತಿಲ್ಲ, ಆದರೆ ಮಾತ್ರೆ ಎಲ್ಲಿ ಅಡಗುತ್ತೆ ಅಂತ ಗೊತ್ತು.

ಹಾಪರ್‌ನಲ್ಲಿ ಯಾರೂ ಬಿಡಲ್ಲ, ಅದು ಕಣ್ಣಿಗೆ ಕಾಣುತ್ತೆ. ಅಡಗೋದು ಬ್ರಷ್ ಬಾಕ್ಸ್ ಹಿಂದಿನ ಗೋಡೆ ಮತ್ತು ಗೈಡ್ ಟ್ರ್ಯಾಕ್ ನಡುವೆ. ಬ್ರಷ್ ಸವೆದಿದ್ದರೆ ಅಲ್ಲಿ ಒಂದು ಮಾತ್ರೆ ಅಡ್ಡ ನಿಲ್ಲುವಷ್ಟು ಸಂದು ಬೀಳುತ್ತೆ. ಟಾರ್ಚ್ ಹಾಕಿದರೂ ಮೇಲಿಂದ ಕಾಣಲ್ಲ. ಹೊಸ ಬ್ಯಾಚ್ ಶುರು ಆಗಿ ವೈಬ್ರೇಟರ್ ಗುಡುಗಿದ ಮೇಲೆ ಅದು ಜಾರಿ ಕೆಳಗೆ ಬರುತ್ತೆ. ವ್ಯಾಕ್ಯೂಮ್ ಕ್ಲೀನರ್ ಪೈಪ್ ಒಳಗೂ ಸಿಕ್ಕಿದ್ದಿದೆ. ಏಪ್ರನ್ ತೋಳಿನ ಮಡಿಕೆಯಲ್ಲೂ.

ಅದಕ್ಕೇ ನಾವು ಕ್ಲಿಯರೆನ್ಸ್‌ಗೆ ಕ್ಯೂಎ ಕರೆಯುವ ಮುಂಚೆ ಖಾಲಿ ಮಷಿನನ್ನೇ ವೈಬ್ರೇಟರ್ ಫುಲ್ ಇಟ್ಟು ಎರಡು ನಿಮಿಷ ಓಡಿಸುತ್ತೇವೆ. ಬೀಳೋದು ಅಲ್ಲೇ ಬೀಳುತ್ತೆ. ಇದು ಯಾವ ಚೆಕ್‌ಲಿಸ್ಟಲ್ಲೂ ಇಲ್ಲ, ಹಳೇ ಆಪರೇಟರ್ ಅಣ್ಣ ಕಲಿಸಿದ್ದು.

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದಮೇಲೆ ಕ್ಯಾಮೆರಾವನ್ನು ನಂಬಬೇಡಿ.

ಬಿ.ಫಾರ್ಮ ಕೊನೇ ವರ್ಷ

ಕರೆಂಟಿಗೂ ಕ್ಯಾಮೆರಾಗೂ ಏನು ಸಂಬಂಧ ಅಣ್ಣ? ಯುಪಿಎಸ್ ಇರುತ್ತಲ್ಲ?

ನೈಟ್ ಶಿಫ್ಟ್

ಕ್ಯಾಮೆರಾಗೆ ಇರುತ್ತೆ. ಮಷಿನ್ ಮೋಟಾರಿಗೆ ಇರಲ್ಲ. ಕ್ಯಾಮೆರಾ ಇರೋದು ಸೀಲಿಂಗ್‌ಗೆ ಮುಂಚೆ, ಕೆಟ್ಟ ಸ್ಟ್ರಿಪ್ ತಳ್ಳುವ ಗೇಟ್ ಇರೋದು ಕತ್ತರಿಸಿದ ಮೇಲೆ. ನಡುವೆ ಹತ್ತಾರು ಸ್ಟ್ರಿಪ್ ಇರುತ್ತವೆ. "ಇದು ಕೆಟ್ಟದ್ದು, ಇಷ್ಟು ಹೊಡೆತ ಆದಮೇಲೆ ಗೇಟ್ ತೆಗಿ" ಅಂತ ಮಷಿನ್ ಎಣಿಸಿಕೊಳ್ಳಬೇಕು. ಬೆಸ್ಕಾಂ ಕರೆಂಟ್ ಟಕ್ ಅಂತ ಹೋದಾಗ ಮೋಟಾರು ಅರ್ಧ ಹೊಡೆತದಲ್ಲಿ ನಿಲ್ಲುತ್ತೆ. ಹಳೇ ಮಷಿನ್‌ಗಳಲ್ಲಿ ಆ ಎಣಿಕೆ ಒಂದು ಹೆಚ್ಚುಕಮ್ಮಿ ಆಗಿಬಿಡುತ್ತೆ. ಆಮೇಲೆ ಕ್ಯಾಮೆರಾ ಖಾಲಿ ಗುಳಿ ಸರಿಯಾಗಿಯೇ ಹಿಡಿಯುತ್ತೆ, ಗೇಟ್ ಮಾತ್ರ ಪಕ್ಕದ ಒಳ್ಳೇ ಸ್ಟ್ರಿಪ್ ತಳ್ಳುತ್ತೆ. ಖಾಲಿ ಗುಳಿಯದ್ದು ನೆಟ್ಟಗೆ ಕಾರ್ಟನ್‌ಗೆ.

ಗುರುತು ಹಿಡಿಯೋದು ಸುಲಭ. ರಿಜೆಕ್ಟ್ ಬಿನ್‌ನಲ್ಲಿ ಒಂದೂ ದೋಷ ಇಲ್ಲದ ಸ್ಟ್ರಿಪ್ ಕಂಡರೆ ತಕ್ಷಣ ಮಷಿನ್ ನಿಲ್ಲಿಸಿ.

ದುರ್ಗದ ಮೆಡಿಕಲ್ ಸ್ಟೋರ್

ಅಂದ್ರೆ ನನ್ನ ಗಿರಾಕಿ ಸ್ಟ್ರಿಪ್ ಹೀಗೇ ಬಂದಿರಬೇಕು ಅನ್ನಿ! ಮಷಿನ್‌ಗೆ ಗೊತ್ತಿತ್ತು, ಆದ್ರೂ ನನ್ನ ಅಂಗಡಿಗೆ ಕಳಿಸ್ತು.

ಹಳೇ ಪ್ಯಾಕಿಂಗ್ ಕೈ

ಇರಬಹುದು, ಇಲ್ಲದೇ ಇರಬಹುದು. ಕ್ಯಾಮೆರಾದ ಗಾಜಿನ ಮೇಲೆ ಪುಡಿ ಕೂತಿದ್ದರೂ, ಸೆನ್ಸಿಟಿವಿಟಿ ಇಳಿಸಿಟ್ಟಿದ್ದರೂ ಹೀಗಾಗುತ್ತದೆ. ಆ ಸ್ಟ್ರಿಪ್ ನೋಡದೆ ಹೇಳಲಾಗದು.

ಆದರೆ ನೈಟ್ ಶಿಫ್ಟ್ ಹೇಳಿದ್ದು ಬಂಗಾರದ ಮಾತು. ಮೇಡಂ, ಇದು ನಿಮ್ಮ ಶೀಟಿನಲ್ಲಿ ಪ್ರತ್ಯೇಕ ಸಾಲು ಆಗಬೇಕು. "ಕ್ಯಾಮೆರಾ ಕಂಡರೂ ಗೇಟ್ ತಪ್ಪು ಸ್ಟ್ರಿಪ್ ತಳ್ಳುವುದು." ಕಾರಣ, ಕರೆಂಟ್ ಹೋಗಿ ಬರುವುದು. ಅದರ ಅಕರೆನ್ಸ್ ನೀವು ಊಹಿಸಬೇಕಿಲ್ಲ, ಮಷಿನ್ ಲಾಗ್‌ಬುಕ್‌ನಲ್ಲಿ ಎಷ್ಟು ಸಲ ಟ್ರಿಪ್ ಆಯಿತು ಅಂತ ಬರೆದಿರುತ್ತದೆ. ಈಗ ನೀವು ಚಾಲೆಂಜ್ ಟೆಸ್ಟ್ ಯಾವಾಗ ಮಾಡುತ್ತೀರಿ? ಬಹುಶಃ ಶುರುವಿನಲ್ಲಿ, ನಡುವೆ ಗಂಟೆ ಲೆಕ್ಕದಲ್ಲಿ, ಕೊನೆಗೆ. ಅದಕ್ಕೆ ಪ್ರತಿ ಪವರ್ ಟ್ರಿಪ್ ಮತ್ತು ಎಮರ್ಜೆನ್ಸಿ ಸ್ಟಾಪ್ ಆದಮೇಲೂ ಅಂತ ಸೇರಿಸಿ. ಒಂದು ಗುಳಿಯ ಮಾತ್ರೆ ಕೈಯಲ್ಲಿ ತೆಗೆದು, ಫಾಯಿಲ್ ಮೇಲೆ ಮಾರ್ಕರ್ ಗುರುತು ಹಾಕಿ, ಅದೇ ಸ್ಟ್ರಿಪ್ ಬಿನ್‌ಗೆ ಬಿತ್ತಾ ನೋಡುವುದು. ಬಿನ್‌ನಲ್ಲಿ ಒಂದು ಬಿತ್ತು ಅಂತ ಎಣಿಸಿದರೆ ಸಾಲದು. ನಿಂತಾಗ ಕ್ಯಾಮೆರಾ ಮತ್ತು ಗೇಟ್ ನಡುವೆ ಇದ್ದದ್ದನ್ನೆಲ್ಲ ತೆಗೆದುಬಿಡಿ. ಹೇಗೂ ನಿಂತ ಜಾಗದಲ್ಲಿ ಬಿಸಿ ಪ್ಲೇಟಿನ ಕೆಳಗೆ ಇದ್ದ ಪಿವಿಸಿ ಬಾಗಿರುತ್ತದೆ, ಸೀಲ್ ಕೂಡ ನಂಬುವ ಹಾಗಿರುವುದಿಲ್ಲ.

ಶಾಮನೂರು ರೋಡ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಲೈನ್ ಕ್ಲಿಯರೆನ್ಸ್ ದಾಖಲೆ ತೆಗೆದು ಕೂತೆ. ಅಕರೆನ್ಸ್ 2 ಕೊಟ್ಟಿದ್ದು "ಮಾರ್ಕೆಟ್ ಕಂಪ್ಲೇಂಟ್ ಬಂದಿಲ್ಲ" ಅನ್ನುವ ಆಧಾರದ ಮೇಲೆ. ಆದರೆ ಹಿಂದಿನ 40 ಚೇಂಜ್‌ಓವರ್ ದಾಖಲೆಯಲ್ಲಿ 3 ಕಡೆ "ಮಾತ್ರೆ ಕಂಡುಬಂತು, ತೆಗೆಯಲಾಯಿತು" ಅಂತ ಬರೆದಿದೆ. ಪ್ಯಾಕಿಂಗ್‌ನವರು ಕ್ಲೀನ್ ಅಂತ ಸಹಿ ಹಾಕಿದ ಮೇಲೆ ಕ್ಯೂಎ ಕಣ್ಣಿಗೆ ಸಿಕ್ಕಿದ್ದು. ಇದನ್ನು ಯಾರೂ ಎಫ್‌ಎಂಇಎ ಮೇಜಿಗೆ ತಂದಿರಲಿಲ್ಲ.

ನಾನು ಅಕರೆನ್ಸ್ 4 ಮಾಡಿದೆ. 10 × 4 × 9 = 360. ಮ್ಯಾನೇಜರ್ ಮುಖ ನೋಡಬೇಕಿತ್ತು.

ಹರಿಹರ ಹೊಳೆದಂಡೆ

ಆ 3 ಸಿಕ್ಕಿದವು, ತೆಗೆದರು. ಅಂದರೆ ನಿಮ್ಮ ವ್ಯವಸ್ಥೆ ಕೆಲಸ ಮಾಡಿದೆ ಅಂತ ಅಲ್ವಾ? ಅದಕ್ಕೆ ಅಕರೆನ್ಸ್ ಏರಿಸುವುದು ಯಾಕೆ? ಸೇರಿದ್ದು ಒಂದೂ ಇಲ್ಲವಲ್ಲ.

ಹಳೇ ಪ್ಯಾಕಿಂಗ್ ಕೈ

ಇದರಲ್ಲಿ ಎರಡು ಅಭಿಪ್ರಾಯ ಇದೆ. ನನ್ನದು ಇದು: ಮೊದಲ ಕೈ ಬಿಟ್ಟದ್ದು ಎರಡನೇ ಕೈಗೆ ಮೂರು ಸಲ ಸಿಕ್ಕಿದೆ ಅಂದರೆ, ಎರಡನೇ ಕೈಯೂ ಬಿಟ್ಟದ್ದು ಇರಬಹುದು. ಅದೂ ನೈಟ್ ಶಿಫ್ಟ್ ಹೇಳಿದ ಸಂದು ಟಾರ್ಚಿಗೆ ಕಾಣುವುದೇ ಇಲ್ಲ. ಕಂಪ್ಲೇಂಟ್ ಬಂದಿಲ್ಲ ಅನ್ನುವುದು ಪುರಾವೆ ಅಲ್ಲ. ಎರಡೂ ಬಿಳಿ ಮಾತ್ರೆ, ರೋಗಿಗೇ ಗೊತ್ತಾಗಿರಲ್ಲ. 4 ಸರಿಯಾ 3 ಸರಿಯಾ ಅಂತ ನಾನು ಜಗಳ ಆಡಲ್ಲ, 2 ಮಾತ್ರ ಒಪ್ಪಲ್ಲ.

ಇನ್ನು ಕ್ರಮ. ಈ ಜೋಡಿಗೆ ಕ್ಯಾಮೆರಾ ಹಿಂದೆ ದುಡ್ಡು ಸುರಿಯುವ ಮುಂಚೆ ಪ್ಲಾನಿಂಗ್‌ನವರ ಹತ್ತಿರ ಹೋಗಿ. ಬಿಪಿ ಮಾತ್ರೆ ಆದಮೇಲೆ ನೇರ ಗ್ಲಿಮೆಪಿರೈಡ್ ಹಾಕಬೇಡಿ, ನಡುವೆ ಬಣ್ಣದ ಮಾತ್ರೆ ಒಂದು ಓಡಿಸಿ. ಬಿಳಿ ಉಳಿದಿದ್ದರೆ ಕೆಂಪು ಮಾತ್ರೆ ನಡುವೆ ಎದ್ದು ಕಾಣುತ್ತದೆ, ಅಲ್ಲಿ ಕಲರ್ ಕ್ಯಾಮೆರಾ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಪ್ಲೇಟ್ ಬದಲಾಯಿಸುವ ಖರ್ಚು ಬೀಳುತ್ತದೆ, ಬೀಳಲಿ. ಅದಕ್ಕಿಂತ ಒಳ್ಳೆಯದು, ಬ್ರಷ್ ಬಾಕ್ಸ್ ಮತ್ತು ಗೈಡ್ ಟ್ರ್ಯಾಕನ್ನು ಪ್ರಾಡಕ್ಟಿಗೆ ಒಂದರಂತೆ ಇಡುವುದು. ಬಿಚ್ಚಿ ಲೈನಿಂದ ಹೊರಗೆ ಒಯ್ದು ತೊಳೆದರೆ ಸಂದಿನ ಪ್ರಶ್ನೆಯೇ ಇಲ್ಲ. ಖಾಲಿ ಓಡಿಸುವುದನ್ನು ಚೆಕ್‌ಲಿಸ್ಟಿಗೆ ಹಾಕಿ, ಬಿದ್ದ ಮಾತ್ರೆ ಎಷ್ಟು ಅಂತ ಬರೆಯುವ ಜಾಗವನ್ನೂ ಇಡಿ. ಸೊನ್ನೆ ಆದರೂ ಬರೆಯಬೇಕು.

ಶಾಮನೂರು ರೋಡ್

ಹಾಗಾದರೆ ಕ್ರಮದ ನಂತರದ ಅಂಕ 10, 2, 4. ಒಟ್ಟು 80. ಇದನ್ನು ಈಗಲೇ ಬರೆದು ಮುಚ್ಚಿ ಅಂತಿದ್ದಾರೆ. ಆಡಿಟ್ ಮುಂಚೆ ಓಪನ್ ಏನೂ ಇರಬಾರದಂತೆ.

ಹಳೇ ಪ್ಯಾಕಿಂಗ್ ಕೈ

"ನಿರೀಕ್ಷೆ" ಅಂತ ಬರೆದು 80 ಹಾಕಿ. ನಿಜವಾದ ಕಾಲಮ್ ಖಾಲಿ ಬಿಡಿ. ಅಕರೆನ್ಸ್ 4ರಿಂದ 2 ಆಯಿತು ಅಂತ ಹೇಳಲು ಚೇಂಜ್‌ಓವರ್ ದಾಖಲೆ ಬೇಕು. ಡಿಟೆಕ್ಷನ್ 4 ಅನ್ನಲು ಆ ಬಣ್ಣದ ಬ್ಯಾಚ್‌ನಲ್ಲಿ ಬೇಕಂತಲೇ ಬಿಳಿ ಮಾತ್ರೆ ಇಟ್ಟು, ಪ್ರತಿ ಸಲವೂ ಬಿನ್‌ಗೆ ಬಿತ್ತು ಅಂತ ತೋರಿಸಬೇಕು. ನಡುವೆ ಬಣ್ಣದ ಬ್ಯಾಚ್ ಇಲ್ಲದ ದಿನ ಈ 4 ಮತ್ತೆ 9 ಆಗುತ್ತದೆ, ಅದನ್ನೂ ಟಿಪ್ಪಣಿ ಹಾಕಿ. ದಿನಾಂಕ ಇಟ್ಟ ಓಪನ್ ಐಟಂ ನೋಡಿ ಆಡಿಟರ್ ಸಿಟ್ಟಾಗಿದ್ದು ನಾನು ಕಂಡಿಲ್ಲ. ಒಂದೇ ದಿನ ತೆರೆದು ಒಂದೇ ದಿನ ಮುಚ್ಚಿದ್ದು ನೋಡಿ ಕೆದಕಿದ್ದು ಕಂಡಿದ್ದೇನೆ.

ಹರಿಹರ ಹೊಳೆದಂಡೆ

ಮಸುಕು ಅಚ್ಚಿನ ಸಾಲು ಎಲ್ಲರೂ ಮರೆತಂತಿದೆ. ಅದಕ್ಕೆ ಸಿವಿಯಾರಿಟಿ 5 ಸಾಕಾ? ರೀಕಾಲ್ ಬಂದರೆ ಬ್ಯಾಚ್ ನಂಬರ್ ಕಾಣದ ಸ್ಟ್ರಿಪ್ ಹಿಂದೆ ಕರೆಸಿಕೊಳ್ಳುವುದು ಹೇಗೆ? ನಾನಾದರೆ 7 ಕೊಡುತ್ತೇನೆ.

ದುರ್ಗದ ಮೆಡಿಕಲ್ ಸ್ಟೋರ್

7 ಕೊಡ್ರಿ. ಎಕ್ಸ್‌ಪೈರಿ ಕಾಣದ ಸ್ಟ್ರಿಪ್ ಗಿರಾಕಿನೂ ತಗೊಳಲ್ಲ, ಸ್ಟಾಕಿಸ್ಟೂ ವಾಪಸ್ ತಗೊಳಲ್ಲ.

ಹಳೇ ಪ್ಯಾಕಿಂಗ್ ಕೈ

ಕಾರ್ಟನ್ ಮೇಲೆ ಇರುತ್ತದಲ್ಲ ಅಂತ ನಾನು 5 ಅನ್ನುವವನು. ಆದರೆ ನಮ್ಮ ಕಡೆ ಅಂಗಡಿಯಲ್ಲಿ ಸ್ಟ್ರಿಪ್ ಬಿಡಿಯಾಗಿ ಮಾರುತ್ತಾರೆ, ಅರ್ಧ ಕತ್ತರಿಸಿಯೂ ಕೊಡುತ್ತಾರೆ. ಇದು ತಂಡ ಕೂತು ತೀರ್ಮಾನಿಸುವ ವಿಷಯ.

ಶಾಮನೂರು ರೋಡ್

ರಿಜೆಕ್ಟ್ ಸ್ಟ್ರಿಪ್ ಬಿಚ್ಚಿ ಮಾತ್ರೆಯನ್ನು ಮತ್ತೆ ಹಾಪರ್‌ಗೆ ಹಾಕುವುದು ನಮ್ಮಲ್ಲಿ ಇದೆ. ಅದೂ ಬೇರೆ ಸಾಲಾ, ಇದರಲ್ಲೇ ಬರುತ್ತಾ?

ಹಳೇ ಪ್ಯಾಕಿಂಗ್ ಕೈ

ಬೇರೆ ಸಾಲು. ಅಲ್ಲಿ ಕಾರಣವೇ ಬೇರೆ. ಲೈನ್ ಎಷ್ಟೇ ಕ್ಲೀನ್ ಇದ್ದರೂ ಹಳೇ ಬ್ಯಾಚಿನ ರಿಜೆಕ್ಟ್ ಬಿನ್ ಪಕ್ಕದಲ್ಲೇ ಉಳಿದಿದ್ದರೆ ಮಾತ್ರೆಯನ್ನು ಕೈಯಾರೆ ಸೇರಿಸಿದ ಹಾಗಾಗುತ್ತದೆ. ಬಿಚ್ಚುವ ಜಾಗ, ಬಿನ್ ಮೇಲಿನ ಲೇಬಲ್, ಯಾರು ಎಣಿಸಿದರು, ಇದೆಲ್ಲ ಬರೆದು ಹಾಕಿ. ಅದನ್ನು ಬೇರೆ ಚರ್ಚೆಯಾಗಿ ತೆರೆಯಿರಿ, ಇಲ್ಲಿ ಮುಗಿಯಲ್ಲ.

ನೈಟ್ ಶಿಫ್ಟ್

ಮೇಡಂ, ಖಾಲಿ ಓಡಿಸುವಾಗ ಕೆಳಗೆ ಕಪ್ಪು ಟ್ರೇ ಇಡಿ. ಸ್ಟೀಲ್ ಟ್ರೇ ಮೇಲೆ ಬಿಳಿ ಮಾತ್ರೆ ಬಿದ್ದರೆ ಟ್ಯೂಬ್‌ಲೈಟ್ ಬೆಳಕಲ್ಲಿ ಕಾಣಲ್ಲ.